‘ವಯಸ್ಸು ಮೈನಸ್ ಬಂತು, ಪ್ರಶ್ನೆಯೇ ತಪ್ಪು, ಎಲ್ಲರಿಗೂ ಕೃಪಾಂಕ’: ವಾಟ್ಸಾಪ್‌ನಲ್ಲಿ ಓಡಾಡಿದ ಈ ಲೆಕ್ಕದ ಅಸಲಿಯತ್ತು ಏನು?

ಟಿಕೋಟಾದಿಂದ ನಮ್ಮ ಓದುಗರೊಬ್ಬರು ಒಂದು ಫಾರ್ವರ್ಡ್ ಕಳಿಸಿದ್ದರು. ಜೊತೆಗೆ ಒಂದು ವಾಯ್ಸ್ ಮೆಸೇಜ್: ‘ಸರ, ಇದು ಖರೇ ಐತೇನ್ರಿ? ನನ್ನ ಮಗಳು ಹತ್ತನೇತ್ತ. ಇದನ್ನ ನೋಡಿದ ಮ್ಯಾಲ ವಯಸ್ಸಿನ ಲೆಕ್ಕ ಮಾಡೂದ ಬಿಟ್ಟಾಳ. ಹೆಂಗೂ ಮಾರ್ಕ್ಸ್ ಕೊಡ್ತಾರಂತ, ಯಾಕ ಮಾಡಬೇಕ ಅಂತಾಳ್ರಿ.’

ಫಾರ್ವರ್ಡ್‌ನಲ್ಲಿ ಇದ್ದದ್ದು ನೋಟ್‌ಬುಕ್ ಹಾಳೆಯ ಒಂದು ಫೋಟೋ, ಕೆಳಗೆ ಹತ್ತು ಸಾಲು ಬರಹ. ವಿಜಯಪುರ, ಬಬಲೇಶ್ವರ ಕಡೆಯ ಪಾಲಕರ ಗುಂಪುಗಳಲ್ಲಿ ತಿರುಗಾಡಿ ಬಂದಿದೆ ಎಂದು ಅವರೇ ಹೇಳಿದರು. ಲೆಕ್ಕ ಹೀಗಿದೆ:

‘ತಾಯಿ ಮಗಳಿಗಿಂತ 24 ವರ್ಷ ದೊಡ್ಡವಳು. ಇನ್ನು 4 ವರ್ಷಗಳ ನಂತರ ಅವರಿಬ್ಬರ ವಯಸ್ಸುಗಳ ಗುಣಲಬ್ಧ 640. ಹಾಗಾದರೆ ಈಗ ಮಗಳ ವಯಸ್ಸೆಷ್ಟು?’

ಅದರ ಕೆಳಗೆ ಯಾರೋ ಬಿಡಿಸಿದ್ದಾರೆ. ಉತ್ತರ ಎರಡು ಬಂದಿದೆ: 12 ಮತ್ತು −44. ಎರಡನೆಯದಕ್ಕೆ ಕೆಂಪು ಸುತ್ತು. ಅದರಡಿ ಬರಹ: ‘ವಯಸ್ಸು ಮೈನಸ್ ಇರಲು ಸಾಧ್ಯವೇ? ಪ್ರಶ್ನೆಯೇ ತಪ್ಪು! ಇಂಥ ಪ್ರಶ್ನೆ ಬಂದರೆ ಎಲ್ಲರಿಗೂ ಕೃಪಾಂಕ ಸಿಗುತ್ತದೆ. ಪ್ರತಿ ವಿದ್ಯಾರ್ಥಿಗೂ ತಲುಪಿಸಿ.’ ಕೊನೆಯಲ್ಲಿ ಇನ್ನೊಂದು ಸಾಲು: ‘ಈ ಲೆಕ್ಕ ನಮ್ಮ ವಿಜಯಪುರದಲ್ಲೇ ಹುಟ್ಟಿದ ಭಾಸ್ಕರಾಚಾರ್ಯರದ್ದು, ಹೆಮ್ಮೆಯಿಂದ ಶೇರ್ ಮಾಡಿ.’ ಭಾಸ್ಕರಾಚಾರ್ಯರ ಲೆಕ್ಕವೂ ಹೌದು, ತಪ್ಪು ಪ್ರಶ್ನೆಯೂ ಹೌದು ಎಂಬುದು ಹೇಗೆ ಹೊಂದುತ್ತದೆ ಎಂದು ಫಾರ್ವರ್ಡ್ ಮಾಡಿದವರು ಯಾರೂ ಕೇಳಿದಂತಿಲ್ಲ.

ಒಂದೊಂದಾಗಿ ನೋಡೋಣ. ಮೊದಲು ಲೆಕ್ಕ.

ಪ್ರಶ್ನೆ ಸರಿಯಾಗಿಯೇ ಇದೆ

ಮಗಳ ಈಗಿನ ವಯಸ್ಸು x ಆಗಿರಲಿ. ತಾಯಿಯದು x + 24. ನಾಲ್ಕು ವರ್ಷ ಕಳೆದ ಮೇಲೆ ಮಗಳಿಗೆ x + 4, ತಾಯಿಗೆ x + 28. ನಾಲ್ಕು ವರ್ಷ ಇಬ್ಬರಿಗೂ ಕಳೆಯುತ್ತದೆ, ಹಾಗಾಗಿ ಇಬ್ಬರಿಗೂ ಸೇರಿಸಬೇಕು. ಈಗ ಗುಣಿಸಿದರೆ:

(x + 4)(x + 28) = 640
x² + 32x + 112 = 640
x² + 32x − 528 = 0

x ವರ್ಗ ಬಂದಿದ್ದರಿಂದ ಇದು ವರ್ಗ ಸಮೀಕರಣ. ಇದಕ್ಕೆ ಎರಡು ಮೂಲಗಳು. ಗುಣಿಸಿದರೆ 528, ಕಳೆದರೆ 32 ಬರುವ ಜೋಡಿ ಬೇಕು. 44 ಮತ್ತು 12. ಆದ್ದರಿಂದ (x + 44)(x − 12) = 0. ಉತ್ತರ 12 ಅಥವಾ −44.

ಮಗಳಿಗೆ 12, ತಾಯಿಗೆ 36. ನಾಲ್ಕು ವರ್ಷದ ನಂತರ 16 ಮತ್ತು 40. ಗುಣಿಸಿ ನೋಡಿ, 640. ಪ್ರಶ್ನೆಗೆ ಉತ್ತರ ಇದೆ, ತಾಳೆಯೂ ಆಗುತ್ತದೆ. ಫೋಟೋದಲ್ಲಿ ಬಿಡಿಸಿದವರ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ತಪ್ಪಿರುವುದು ಕೆಂಪು ಸುತ್ತಿನ ಕೆಳಗಿನ ತೀರ್ಮಾನ.

ಶಾಲೆಯಲ್ಲಿ ಇಲ್ಲಿ ಒಂದು ಸಾಲು ಬರೆಸುತ್ತಾರೆ: ‘ವಯಸ್ಸು ಋಣ ಸಂಖ್ಯೆ ಆಗಲಾರದು, ಆದ್ದರಿಂದ x = 12.’ ಆ ಸಾಲು ಉತ್ತರದ ಭಾಗ. ಅದನ್ನು ಬರೆಯದೆ ಎರಡು ಮೂಲಗಳನ್ನೂ ಹಾಗೇ ಬಿಟ್ಟರೆ ಉತ್ತರ ಪೂರ್ತಿ ಆಗುವುದಿಲ್ಲ.

ಆದರೆ ‘ಆಗಲಾರದು’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಒಂದು ಅನುಮಾನ ಉಳಿದುಬಿಡುತ್ತದೆ. ಆಗಲಾರದ್ದು ಬಂದದ್ದಾದರೂ ಎಲ್ಲಿಂದ? ಈ ಫಾರ್ವರ್ಡ್ ಹುಟ್ಟಿದ್ದೂ ಅದೇ ಅನುಮಾನದಿಂದ.

−44 ಎಲ್ಲಿಂದ ಬಂತು?

−44 ಅನ್ನು ಎಸೆಯುವ ಮೊದಲು ಅದನ್ನೇ ಸಮೀಕರಣದಲ್ಲಿ ಹಾಕಿ ನೋಡೋಣ. x + 4 ಈಗ −40. x + 28 ಈಗ −16. ಇವೆರಡನ್ನು ಗುಣಿಸಿದರೆ? ಮೈನಸ್ ಮೈನಸ್ ಸೇರಿ ಪ್ಲಸ್, ಮತ್ತೆ 640.

ಗಮನಿಸಿದಿರಾ? ನಿಜವಾದ ಉತ್ತರದಲ್ಲಿ 16 ಮತ್ತು 40 ಇದ್ದವು. ಇಲ್ಲಿ −40 ಮತ್ತು −16. ಅದೇ ಜೋಡಿ, ಅದಲು ಬದಲಾಗಿ, ಮೈನಸ್ ಹಾಕಿಕೊಂಡು ಬಂದಿದೆ. ವ್ಯತ್ಯಾಸ ಆಗಲೂ 24, ಈಗಲೂ 24.

ಇದನ್ನು ಕಾಲದ ಗೆರೆಯ ಮೇಲೆ ಇಟ್ಟು ನೋಡಿದರೆ ಇನ್ನೂ ಸ್ಪಷ್ಟ. ವಯಸ್ಸು ಎಂದರೆ ಹುಟ್ಟಿದಾಗಿನಿಂದ ಕಳೆದ ವರ್ಷಗಳು. ಹಾಗಾದರೆ ‘ವಯಸ್ಸು −40’ ಎಂದರೆ ಹುಟ್ಟುವುದಕ್ಕೆ ಇನ್ನೂ 40 ವರ್ಷ ಇರುವಾಗ. ಮಗಳು ಹುಟ್ಟುವುದಕ್ಕೆ 40 ವರ್ಷ, ತಾಯಿ ಹುಟ್ಟುವುದಕ್ಕೆ 16 ವರ್ಷ ಬಾಕಿ ಇದ್ದ ಒಂದು ದಿನ ಇತ್ತಲ್ಲ? ತಾಯಿಗೆ ಈಗ 36, ಅಂದರೆ ಆ ದಿನ 52 ವರ್ಷ ಹಿಂದಿನದು. ಅವತ್ತು ತಾಯಿಯೂ ಇಲ್ಲ, ಮಗಳೂ ಇಲ್ಲ. ಆದರೆ ಅವತ್ತಿನಿಂದ ಇಬ್ಬರ ಹುಟ್ಟಿದ ದಿನಗಳಿಗಿದ್ದ ದೂರವನ್ನು ಗುಣಿಸಿದರೂ 640 ಬರುತ್ತದೆ.

ಇದು ಕಾಕತಾಳೀಯವಲ್ಲ. ತಾಯಿ ಹುಟ್ಟಿ 36 ವರ್ಷ, ಮಗಳು ಹುಟ್ಟಿ 12 ವರ್ಷ. ಈ ಎರಡು ದಿನಗಳ ನಟ್ಟನಡುವಿನ ದಿನ 24 ವರ್ಷ ಹಿಂದೆ ಬರುತ್ತದೆ. ಆ ನಡುದಿನದಿಂದ ಮುಂದೆ 28 ವರ್ಷ ನಡೆದರೆ ಪ್ರಶ್ನೆ ಹೇಳಿದ ದಿನ, ಅಂದರೆ ಇವತ್ತಿನಿಂದ 4 ವರ್ಷ ಆಚೆ. ಅದೇ ನಡುದಿನದಿಂದ ಹಿಂದಕ್ಕೆ 28 ವರ್ಷ ನಡೆದರೆ 52 ವರ್ಷ ಹಿಂದಿನ ದಿನ. ಕನ್ನಡಿ ಹಿಡಿದಂತೆ ಎರಡೂ ಕಡೆ ಸಮ. ಸಮೀಕರಣಕ್ಕೆ ಗೊತ್ತಿರುವುದು ದೂರ ಮಾತ್ರ, ಮುಂದೆ ಯಾವುದು ಹಿಂದೆ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಎರಡೂ ದಿನಗಳನ್ನು ನಮ್ಮ ಮುಂದಿಡುತ್ತದೆ. ಆರಿಸಿಕೊಳ್ಳುವ ಕೆಲಸ ನಮ್ಮದು.

ಇದರಿಂದ ಫಾರ್ವರ್ಡ್‌ಗೆ ನೇರ ಉತ್ತರ ಸಿಗುತ್ತದೆ. ‘ಇಬ್ಬರ ವಯಸ್ಸಿನ ವ್ಯತ್ಯಾಸ ಇಷ್ಟು, ಇಂತಿಷ್ಟು ವರ್ಷದ ನಂತರ ಗುಣಲಬ್ಧ ಇಷ್ಟು’ ಎಂಬ ಮಾದರಿಯ ಲೆಕ್ಕದಲ್ಲಿ, ಆ ಮುಂದಿನ ದಿನದ ಚಿಕ್ಕವರ ವಯಸ್ಸನ್ನು y ಎಂದಿಟ್ಟರೆ, ಸಮೀಕರಣದ ಒಂದು ಮೂಲ ಧನ, ಇನ್ನೊಂದು ಋಣ. ಪ್ರತಿಸಲವೂ. ನಮ್ಮ ಲೆಕ್ಕದಲ್ಲಿ y² + 24y − 640 = 0. ಕೊನೆಯ ಸಂಖ್ಯೆಯ ಮುಂದೆ ಮೈನಸ್ ಇದೆ, ಅಂದರೆ ಎರಡು ಮೂಲಗಳನ್ನು ಗುಣಿಸಿದರೆ ಮೈನಸ್ ಬರಬೇಕು, ಅಂದರೆ ಒಂದು ಧನ ಒಂದು ಋಣ ಇರಲೇಬೇಕು. ಮೈನಸ್ ಬಂದದ್ದಕ್ಕೇ ಪ್ರಶ್ನೆ ತಪ್ಪು ಅನ್ನುವುದಾದರೆ ಈ ಮಾದರಿಯ ಒಂದು ಪ್ರಶ್ನೆಯೂ ಸರಿ ಇರುವುದಿಲ್ಲ!

ಬೇಗ ತಾಳೆ ನೋಡುವ ಹಳೆಯ ದಾರಿ

y² + 24y = 640 ಎಂಬುದನ್ನು ಬಿಡಿಸಲು ಹಳೆಯ ಭಾರತೀಯ ಗಣಿತದಲ್ಲಿ ಒಂದು ಚಂದದ ದಾರಿ ಇದೆ. ಶ್ರೀಧರಾಚಾರ್ಯರ ನಿಯಮ ಎಂದು ಭಾಸ್ಕರಾಚಾರ್ಯರೇ ತಮ್ಮ ‘ಬೀಜಗಣಿತ’ದಲ್ಲಿ ಅದನ್ನು ಎತ್ತಿ ಹೇಳಿದ್ದಾರೆ. ಎರಡೂ ಕಡೆ ನಾಲ್ಕರಿಂದ ಗುಣಿಸಿ, ಆಮೇಲೆ ನಡುವಿನ ಸಂಖ್ಯೆಯ ವರ್ಗವನ್ನು ಎರಡೂ ಕಡೆ ಸೇರಿಸಿ. (y² ಹಿಂದೆ ಬೇರೆ ಸಂಖ್ಯೆ ಇದ್ದರೆ ಅದರ ನಾಲ್ಕರಷ್ಟರಿಂದ ಗುಣಿಸಬೇಕು. ನಮ್ಮಲ್ಲಿ ಅದು 1.)

4y² + 96y = 2560
4y² + 96y + 576 = 3136
(2y + 24)² = 56²

ಹಾಗಾದರೆ 2y + 24 = 56, y = 16.

ಇಲ್ಲಿ 56 ಎಂಬುದು ಸುಮ್ಮನೆ ನಡುವೆ ಬಂದ ಅಂಕಿಯಲ್ಲ. 2y + 24 ಎಂದರೆ y ಮತ್ತು y + 24 ಕೂಡಿದ್ದು, ಅಂದರೆ ತಾಯಿ ಮಗಳ ವಯಸ್ಸುಗಳ ಮೊತ್ತ! ವ್ಯತ್ಯಾಸದ ವರ್ಗಕ್ಕೆ ಗುಣಲಬ್ಧದ ನಾಲ್ಕರಷ್ಟು ಕೂಡಿಸಿದರೆ ಮೊತ್ತದ ವರ್ಗ ಬರುತ್ತದೆ. ಇದನ್ನೂ ಬೀಜಗಣಿತದಲ್ಲಿ ನಿಯಮವಾಗಿಯೇ ಹೇಳಿದೆ. x ಇಲ್ಲದೆಯೂ ಲೆಕ್ಕ ಮುಗಿಯಿತು: 24ರ ವರ್ಗ 576, 640ರ ನಾಲ್ಕರಷ್ಟು 2560, ಕೂಡಿದರೆ 3136, ವರ್ಗಮೂಲ 56. ಮೊತ್ತ 56, ವ್ಯತ್ಯಾಸ 24. ದೊಡ್ಡವರು 40, ಚಿಕ್ಕವರು 16. ನಾಲ್ಕು ಕಳೆದರೆ ಈಗಿನ ವಯಸ್ಸು.

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಸಮೀಕರಣವನ್ನೇ ಬರೆಯಬೇಕು, ಆದರೆ ಉತ್ತರ ಸರಿಯಾಯಿತೇ ಎಂದು ಹಾಳೆಯ ಅಂಚಿನಲ್ಲಿ ನೋಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನಮಗೆ ಗೊತ್ತಿಲ್ಲ.

ಮಕ್ಕಳು ನಿಜವಾಗಿ ಎಡವುವ ಜಾಗ ಬೇರೆಯೇ ಇದೆ. ನಾಲ್ಕು ವರ್ಷವನ್ನು ಮಗಳಿಗೆ ಮಾತ್ರ ಸೇರಿಸಿ, ತಾಯಿಯನ್ನು x + 24 ಎಂದೇ ಬಿಡುವುದು. ಆಗ (x + 4)(x + 24) = 640, ಅಂದರೆ x² + 28x − 544 = 0. ಇದರ ಶೋಧಕ 784 + 2176 = 2960. ಇದಕ್ಕೆ ಪೂರ್ಣ ವರ್ಗಮೂಲವಿಲ್ಲ, ಮಗಳ ವಯಸ್ಸು 13.2ರ ಹತ್ತಿರ ಬರುತ್ತದೆ. ಶಾಲೆಯ ವಯಸ್ಸಿನ ಲೆಕ್ಕದಲ್ಲಿ ಹೀಗೆ ದಶಮಾಂಶ ಬಂದರೆ ಮೊದಲು ಪ್ರಶ್ನೆಯನ್ನು ಬೈಯಬೇಡಿ, ವರ್ಷಗಳನ್ನು ಇಬ್ಬರಿಗೂ ಸೇರಿಸಿದ್ದೀರಾ ನೋಡಿ. ಇನ್ನೊಂದು ತಪ್ಪು, 640 ಅನ್ನು ಬಲಗಡೆಯೇ ಬಿಟ್ಟು x + 4 = 640 ಎಂದು ಬರೆದುಬಿಡುವುದು. ಬಲಗಡೆ ಸೊನ್ನೆ ಇದ್ದಾಗ ಮಾತ್ರ ಒಂದೊಂದು ಅಪವರ್ತನವನ್ನು ಬೇರೆ ಮಾಡಬಹುದು. ಮಗಳಿಗೆ 636 ವರ್ಷ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವ ಮಕ್ಕಳೂ ಇದ್ದಾರೆ.

ಹಾಗಾದರೆ ತಪ್ಪು ಪ್ರಶ್ನೆ ಇರುವುದೇ ಇಲ್ಲವೇ?

ಇರುತ್ತದೆ. ಅದನ್ನು ಗುರುತಿಸುವುದು ಬೇರೆ ರೀತಿ.

ವ್ಯತ್ಯಾಸದ ಬದಲು ಮೊತ್ತ ಕೊಟ್ಟಿರುವ ಲೆಕ್ಕ ನೋಡಿ. ಬಬಲೇಶ್ವರದ ಇಬ್ಬರು ಗೆಳತಿಯರ ವಯಸ್ಸಿನ ಮೊತ್ತ 30 ಎನ್ನೋಣ. ಮೂರು ವರ್ಷ ಹಿಂದೆ ಅವರ ವಯಸ್ಸುಗಳ ಗುಣಲಬ್ಧ 135. ಮೂರು ವರ್ಷ ಹಿಂದೆ ಮೊತ್ತ 24 (ಇಬ್ಬರಿಂದಲೂ ಮೂರು ಮೂರು ಕಳೆಯಬೇಕು). ಒಬ್ಬಳಿಗೆ y ಆದರೆ ಇನ್ನೊಬ್ಬಳಿಗೆ 24 − y. ಸಮೀಕರಣ y² − 24y + 135 = 0. ಮೂಲಗಳು 9 ಮತ್ತು 15. ಎರಡೂ ಧನ, ಎರಡೂ ಸರಿ, ಯಾವುದನ್ನೂ ಎಸೆಯಬೇಕಿಲ್ಲ. ಒಬ್ಬಳು 9 ಆದರೆ ಇನ್ನೊಬ್ಬಳು 15, ಅಷ್ಟೇ. ಈಗ 12 ಮತ್ತು 18.

ಅದೇ ಪ್ರಶ್ನೆಯಲ್ಲಿ 135ರ ಜಾಗದಲ್ಲಿ 150 ಎಂದು ಅಚ್ಚಾಗಿದ್ದರೆ? y² − 24y + 150 = 0. ಶೋಧಕ 576 − 600 = −24. ಋಣ ಸಂಖ್ಯೆಗೆ ವರ್ಗಮೂಲ ತೆಗೆಯಲು ಹೋದರೆ ವಯಸ್ಸು ಎನ್ನಬಹುದಾದ ಯಾವ ಸಂಖ್ಯೆಯೂ ಸಿಗುವುದಿಲ್ಲ. ಕಾರಣ ಸರಳ: ಮೊತ್ತ 24 ಇರುವ ಎರಡು ಸಂಖ್ಯೆಗಳ ಗುಣಲಬ್ಧ ಅತಿ ಹೆಚ್ಚೆಂದರೆ 12 × 12, ಅಂದರೆ 144. ಅದಕ್ಕಿಂತ ಮೇಲೆ ಹೋಗಲು ದಾರಿಯೇ ಇಲ್ಲ. ಇದು ಅಸಾಧ್ಯವಾದ ಸನ್ನಿವೇಶ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಇಂಥ ಪ್ರಶ್ನೆಯನ್ನು ಬೇಕೆಂದೇ ಕೊಟ್ಟು ‘ಈ ಸನ್ನಿವೇಶ ಸಾಧ್ಯವೇ?’ ಎಂದು ಕೇಳುತ್ತಾರೆ. ಅಲ್ಲಿ ‘ಸಾಧ್ಯವಿಲ್ಲ’ ಎಂದು ಕಾರಣ ಸಹಿತ ಬರೆಯುವುದೇ ಉತ್ತರ. ಖಾಲಿ ಬಿಟ್ಟು ಕೃಪಾಂಕಕ್ಕೆ ಕಾದರೆ ಸಿಗುವುದು ಸೊನ್ನೆ.

ಅಂದರೆ ನೋಡಬೇಕಾದದ್ದು ಶೋಧಕದ ಚಿಹ್ನೆ, ಮೂಲದ ಚಿಹ್ನೆ ಅಲ್ಲ. ಫಾರ್ವರ್ಡ್ ಮಾಡಿದವರು ಇವೆರಡನ್ನು ಕಲಸಿದ್ದಾರೆ. ವ್ಯತ್ಯಾಸ ಕೊಟ್ಟ ಲೆಕ್ಕದಲ್ಲಂತೂ ಶೋಧಕ ಎಂದರೆ ವ್ಯತ್ಯಾಸದ ವರ್ಗಕ್ಕೆ ಗುಣಲಬ್ಧದ ನಾಲ್ಕರಷ್ಟು ಕೂಡಿದ್ದು. ಎರಡೂ ಧನ, ಹಾಗಾಗಿ ಅದು ಋಣವಾಗುವ ಪ್ರಶ್ನೆಯೇ ಬರುವುದಿಲ್ಲ.

ಇಲ್ಲೊಂದು ಸಣ್ಣ ತಮಾಷೆ ಇದೆ. ಅಣ್ಣ ತಂಗಿಗಿಂತ 6 ವರ್ಷ ದೊಡ್ಡವನು, 4 ವರ್ಷದ ನಂತರ ವಯಸ್ಸುಗಳ ಗುಣಲಬ್ಧ 16 ಎಂದುಕೊಳ್ಳಿ. (x + 4)(x + 10) = 16, ಅಂದರೆ x² + 14x + 24 = 0. ಮೂಲಗಳು −2 ಮತ್ತು −12. ಎರಡೂ ಮೈನಸ್! ಆದರೂ −2ಕ್ಕೆ ಅರ್ಥ ಇದೆ: ತಂಗಿ ಇನ್ನೂ ಹುಟ್ಟಿಲ್ಲ, ಎರಡು ವರ್ಷ ಬಿಟ್ಟು ಹುಟ್ಟುತ್ತಾಳೆ. ಅಣ್ಣನಿಗೆ ಈಗ 4. ನಾಲ್ಕು ವರ್ಷದ ನಂತರ ಅವಳಿಗೆ 2, ಅವನಿಗೆ 8, ಗುಣಿಸಿದರೆ 16. ಪ್ರಶ್ನೆಯಲ್ಲಿ ‘ಇಬ್ಬರ ಈಗಿನ ವಯಸ್ಸು’ ಎಂದು ಕೇಳಿದ್ದರೆ ಮಾತ್ರ ಇದಕ್ಕೆ ಉತ್ತರ ಇಲ್ಲ. ಹಾಗಾಗಿ ‘ಮೈನಸ್ ಎಂದರೆ ತಪ್ಪು’ ಎಂಬ ಮಾತಿನಷ್ಟೇ ‘ಮೈನಸ್ ಎಂದರೆ ಕಣ್ಣುಮುಚ್ಚಿ ಎಸೆ’ ಎಂಬ ಮಾತೂ ಪೂರ್ತಿ ನಿಜವಲ್ಲ. ಪ್ರಶ್ನೆ ಏನು ಕೇಳುತ್ತಿದೆ ಎಂದು ಮತ್ತೆ ಓದಬೇಕು.

ಭಾಸ್ಕರಾಚಾರ್ಯರು ಏನು ಮಾಡಿದರು?

ಫಾರ್ವರ್ಡ್ ಅವರ ಹೆಸರು ಎತ್ತಿದೆಯಾದ್ದರಿಂದ ಹೇಳಬೇಕು. ಬೇಡದ ಮೂಲವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅವರಿಗೂ ಎದುರಾಗಿತ್ತು. ಬೀಜಗಣಿತದಲ್ಲಿ ಮಂಗಗಳ ಎರಡು ಲೆಕ್ಕಗಳಿವೆ, ಅಕ್ಕಪಕ್ಕ ಇಟ್ಟು ನೋಡಿದರೆ ಅವರ ನಿಲುವು ತಿಳಿಯುತ್ತದೆ.

ಮೊದಲನೆಯದರಲ್ಲಿ ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಒಟ್ಟು ಎಷ್ಟು? ಉತ್ತರ 48 ಅಥವಾ 16. ತಾಳೆ ನೋಡಿ: 48ರ ಎಂಟನೇ ಒಂದು 6, ವರ್ಗ 36, ಜೊತೆಗೆ 12, ಒಟ್ಟು 48. 16ರ ಎಂಟನೇ ಒಂದು 2, ವರ್ಗ 4, ಜೊತೆಗೆ 12, ಒಟ್ಟು 16. ಎರಡೂ ಹೊಂದುತ್ತವೆ, ಭಾಸ್ಕರರು ಎರಡನ್ನೂ ಒಪ್ಪುತ್ತಾರೆ.

ಎರಡನೆಯದರಲ್ಲಿ ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಅದರ ವರ್ಗದಷ್ಟು ಮಂಗಗಳು ಗುಹೆಗೆ ಹೋಗಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಮೂಲಗಳು 50 ಮತ್ತು 5. 50 ಸರಿ: ಐದನೇ ಒಂದು 10, ಮೂರು ಕಳೆದರೆ 7, ವರ್ಗ 49, ಒಂದು ಸೇರಿದರೆ 50. ಆದರೆ 5 ತೆಗೆದುಕೊಂಡರೆ ಐದನೇ ಒಂದು 1, ಅದರಲ್ಲಿ 3 ಕಳೆದರೆ −2. ವರ್ಗ ಮಾಡಿದರೆ 4 ಬಂದು ಲೆಕ್ಕವೇನೋ ಕೂಡುತ್ತದೆ. ಆದರೂ ಭಾಸ್ಕರರು 5 ಅನ್ನು ಬಿಡುತ್ತಾರೆ. ಋಣವಾದ ಸಂಖ್ಯೆಯನ್ನು ಜನ ಒಪ್ಪುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಗಮನಿಸಿ, ಇಲ್ಲಿ ಮೂಲ 5 ಧನ ಸಂಖ್ಯೆಯೇ. ಆದರೂ ಅದನ್ನು ಬಿಟ್ಟರು, ಯಾಕೆಂದರೆ ಸನ್ನಿವೇಶದೊಳಗೆ ಎಲ್ಲೋ ಒಂದು ಕಡೆ ಅದು ಹೊಂದುವುದಿಲ್ಲ. ಪ್ರಶ್ನೆಯನ್ನು ಮಾತ್ರ ತಪ್ಪು ಎನ್ನಲಿಲ್ಲ.

ಇನ್ನು ‘ನಮ್ಮ ವಿಜಯಪುರದಲ್ಲೇ ಹುಟ್ಟಿದವರು’ ಎಂಬ ಮಾತು. ಇದು ಈ ಫಾರ್ವರ್ಡ್‌ನ ಸೃಷ್ಟಿಯಲ್ಲ, ಎಷ್ಟೋ ಪುಸ್ತಕಗಳಲ್ಲಿ ಬಿಜಾಪುರ ಎಂದೇ ಅಚ್ಚಾಗಿದೆ. ಭಾಸ್ಕರರು ತಮ್ಮ ಊರಿನ ಹೆಸರನ್ನು ‘ವಿಜ್ಜಡವಿಡ’ ಎಂದು ಹೇಳಿಕೊಂಡಿದ್ದಾರೆ. ಹೆಸರಿನ ಹೋಲಿಕೆಯಿಂದ ಅದನ್ನು ಬಿಜಾಪುರ ಎಂದುಕೊಂಡರು. ಆದರೆ ಅದೇ ಶ್ಲೋಕದಲ್ಲಿ ಆ ಊರು ಸಹ್ಯಾದ್ರಿಯ ಆಶ್ರಯದಲ್ಲಿದೆ ಎಂದೂ ಇದೆ. ಟಿಕೋಟಾ, ಬಬಲೇಶ್ವರದ ಕಡೆ ಓಡಾಡಿದವರಿಗೆ ಗೊತ್ತು, ನಮ್ಮದು ಬಯಲುಸೀಮೆ, ಸಹ್ಯಾದ್ರಿ ಇಲ್ಲಿಂದ ಬಹಳ ದೂರ. ಇನ್ನೊಂದು ಆಧಾರ, ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣ ಎಂಬಲ್ಲಿ ಸಿಕ್ಕ 13ನೇ ಶತಮಾನದ ಆರಂಭದ ಶಾಸನ. ಭಾಸ್ಕರರ ಮೊಮ್ಮಗ ಚಂಗದೇವ, ತನ್ನ ಅಜ್ಜನ ಗ್ರಂಥಗಳನ್ನು ಕಲಿಸಲು ಅಲ್ಲೊಂದು ಮಠ ಮಾಡಿದ ವಿವರ ಅದರಲ್ಲಿದೆ. ಹೀಗಾಗಿ ಅವರ ಊರು ಆ ಸೀಮೆಯದ್ದಿರಬೇಕು ಎಂಬ ಕಡೆಗೇ ಹಲವು ವಿದ್ವಾಂಸರು ಒಲಿದಿದ್ದಾರೆ. ವಿಜಯಪುರದವರಿಗೆ ಇದು ಬೇಸರದ ಸುದ್ದಿಯೇ, ನಮಗೂ ಅವರು ಇಲ್ಲಿಯವರೇ ಆಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಆದರೆ ಆಧಾರಗಳು ಹಾಗೆ ಹೇಳುತ್ತಿಲ್ಲ.

ಅವರು ಹುಟ್ಟಿದ ವರ್ಷದಲ್ಲಿ ಮಾತ್ರ ಗೊಂದಲವಿಲ್ಲ, ಅದನ್ನೂ ಅವರೇ ವಯಸ್ಸಿನ ಲೆಕ್ಕದಂತೆ ಬರೆದಿಟ್ಟಿದ್ದಾರೆ: ಶಕ 1036ರಲ್ಲಿ ಹುಟ್ಟಿದೆ, 36ನೇ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದೆ ಎಂದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 1114, ಗ್ರಂಥ ಮುಗಿದದ್ದು 1150.

ಮನೆಯ ವಯಸ್ಸು ಹಾಕಿ ನೋಡಿದಾಗ

ಇಷ್ಟನ್ನೂ ಟಿಕೋಟಾದ ಆ ತಾಯಿಗೆ ಬರೆದು ಕಳಿಸಿದೆವು. ಎರಡು ದಿನ ಬಿಟ್ಟು ಮಗಳೇ ಮೆಸೇಜ್ ಮಾಡಿದಳು. ಮನೆಯ ವಯಸ್ಸು ಹಾಕಿ ಅವಳೇ ಒಂದು ಲೆಕ್ಕ ಮಾಡಿದ್ದಳು. ತನಗೆ 15, ಅವ್ವಗೆ 38, ವ್ಯತ್ಯಾಸ 23. ನಾಲ್ಕು ವರ್ಷದ ನಂತರ ತನಗೆ 20, ಅವ್ವಗೆ 42 ಎಂದು ಗುಣಿಸಿ 840 ಬರೆದಿದ್ದಳು. ನಮ್ಮ ತಾಳೆ ನೋಡುವ ದಾರಿ ಹಿಡಿದರೆ 23ರ ವರ್ಗ 529, 840ರ ನಾಲ್ಕರಷ್ಟು 3360, ಒಟ್ಟು 3889. ಇದಕ್ಕೆ ಪೂರ್ಣ ವರ್ಗಮೂಲ ಇಲ್ಲ, 62.36ರ ಹತ್ತಿರ. ‘ಸರ್, ನಿಮ್ಮ ನಿಯಮ ನಮ್ಮನೆಗೆ ಹತ್ತಲಿಲ್ಲ’ ಎಂದು ಬರೆದಿದ್ದಳು.

15ಕ್ಕೆ ನಾಲ್ಕು ಕೂಡಿದರೆ 19 ಅಲ್ಲವೇ, 20 ಹೇಗೆ ಎಂದು ಕೇಳಿದೆವು. ‘ಮುಂದಿನ ತಿಂಗಳು ನನಗೆ 16 ತುಂಬ್ತದ, ಅದಕ್ಕ’ ಎಂದಳು. ಎಡವಟ್ಟು ಅಲ್ಲಿತ್ತು. ನಾವು ಮಾತಿನಲ್ಲಿ ಹೇಳುವ ವಯಸ್ಸು ತುಂಬಿದ ವರ್ಷಗಳದ್ದು, ತಿಂಗಳುಗಳನ್ನು ಬಿಟ್ಟುಬಿಡುತ್ತೇವೆ. ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬಾರದಿದ್ದರೆ, ಹೀಗೆ ಲೆಕ್ಕ ಹಾಕಿದ ವ್ಯತ್ಯಾಸ ವರ್ಷದ ಕೆಲವು ತಿಂಗಳು ಒಂದಷ್ಟು, ಉಳಿದ ತಿಂಗಳು ಅದಕ್ಕಿಂತ ಒಂದು ಕಡಿಮೆ ಇರುತ್ತದೆ. ಇವಳದ್ದು ತುಂಬುವ ಮೊದಲು 38 ಮತ್ತು 15, ವ್ಯತ್ಯಾಸ 23. ತುಂಬಿದ ಮೇಲೆ, ಅವ್ವನ ಹುಟ್ಟುಹಬ್ಬ ಬರುವ ತನಕ, 38 ಮತ್ತು 16, ವ್ಯತ್ಯಾಸ 22. ಅವಳು ವ್ಯತ್ಯಾಸವನ್ನು ಹುಟ್ಟುಹಬ್ಬದ ಮುಂಚಿನದು ತೆಗೆದುಕೊಂಡು, ಗುಣಲಬ್ಧವನ್ನು ಆಮೇಲಿನದು ತೆಗೆದುಕೊಂಡಿದ್ದಳು. ಪುಸ್ತಕದ ಲೆಕ್ಕಗಳಲ್ಲಿ ವ್ಯತ್ಯಾಸ ಎಂದೂ ಬದಲಾಗದು ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ, ಮನೆಯಲ್ಲಿ ಕ್ಯಾಲೆಂಡರ್ ನೋಡಬೇಕಾಗುತ್ತದೆ.

ಎರಡು ರೀತಿಯಲ್ಲೂ ಬೇರೆ ಬೇರೆಯಾಗಿ ಮಾಡು ಎಂದು ಹೇಳಿದೆವು. ಸ್ವಲ್ಪ ಹೊತ್ತಿಗೆ ನೋಟ್‌ಬುಕ್ ಫೋಟೋ ಬಂತು. ಈ ತಿಂಗಳ ಲೆಕ್ಕ: ವ್ಯತ್ಯಾಸ 23, ಗುಣಲಬ್ಧ 19 × 42 = 798. 529ಕ್ಕೆ 3192 ಕೂಡಿದರೆ 3721, ವರ್ಗಮೂಲ 61. ಮುಂದಿನ ತಿಂಗಳ ಲೆಕ್ಕ: ವ್ಯತ್ಯಾಸ 22, ಗುಣಲಬ್ಧ 840. 484ಕ್ಕೆ 3360 ಕೂಡಿದರೆ 3844, ವರ್ಗಮೂಲ 62. ಕೆಳಗೆ ಎರಡೂ ಸಮೀಕರಣ ಬರೆದು, ಬಂದ ಋಣ ಮೂಲಗಳ ಪಕ್ಕದಲ್ಲಿ ‘ಅವ್ವನೂ ಇಲ್ಲ, ನಾನೂ ಇಲ್ಲ’ ಎಂದು ಬರೆದಿದ್ದಳು.